ಈ ಪುಟ ಯಾರದ್ದು? ಡಿಟೆಕ್ಟರ್ ಇಲ್ಲದೆ ಪರ್ಸನಲ್ ಸ್ಟೇಟ್‌ಮೆಂಟ್ ಓದುವ ಬಗೆ

ದಾವಣಗೆರೆಯ ಒಂದು ಸಣ್ಣ ವಿದ್ಯಾರ್ಥಿವೇತನ ಸಮಿತಿಯಲ್ಲಿ ನಾನು ಅರ್ಜಿ ಓದುತ್ತೇನೆ. ಪಿಯುಸಿ ಮುಗಿಸಿದ ಮಕ್ಕಳಿಗೆ ಡಿಗ್ರಿ ಫೀಸು ಕೊಡುವುದು ನಮ್ಮ ಕೆಲಸ. ವರ್ಷಕ್ಕೆ ನೂರನಲವತ್ತರಷ್ಟು ಅರ್ಜಿ ಬರುತ್ತವೆ. ಕೊಡಲು ಆಗುವುದು ಹದಿನೈದು ಮಂದಿಗೆ. ಮಾರ್ಕ್ಸ್ ಕಾರ್ಡ್, ಆದಾಯ ಪ್ರಮಾಣಪತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಾಗಾಗಿ ಕೊನೆಗೆ ತೂಕ ಬೀಳುವುದು ಮಕ್ಕಳು ತಮ್ಮ ಬಗ್ಗೆ ಬರೆದ ಒಂದು ಪುಟದ ಮೇಲೆ. ಅದನ್ನೇ ಪರ್ಸನಲ್ ಸ್ಟೇಟ್‌ಮೆಂಟ್ ಅಂತಾರೆ.

ಚಾಟ್‌ಜಿಪಿಟಿ ಬಂದ ಮೇಲೆ ನಮಗೂ ದಿಗಿಲು ಹತ್ತಿತು. ಬರಹ ಮನುಷ್ಯರದ್ದೋ ಯಂತ್ರದ್ದೋ ಎಂದು ಹೇಳುವ ಸಾಫ್ಟ್‌ವೇರ್‌ಗೆ ಡಿಟೆಕ್ಟರ್ ಅಂತಾರೆ. ಮೊದಲ ವರ್ಷ ನಾವು ಇಂಟರ್ನೆಟ್‌ನಲ್ಲಿ ಸಿಗುವ ಅಂಥ ಒಂದು ಉಚಿತ ಡಿಟೆಕ್ಟರ್‌ಗೆ ಪುಟಗಳನ್ನು ಒಂದೊಂದಾಗಿ ಹಾಕಿದೆವು. ಅದು ಕೆಂಪು ಬಣ್ಣದಲ್ಲಿ ತೋರಿಸಿದ ಅರ್ಜಿಗಳನ್ನು ಬದಿಗಿಟ್ಟೆವು. ಅದರಲ್ಲಿ ಒಂದು ಅರ್ಜಿಯ ಹುಡುಗಿಯನ್ನು ಆಮೇಲೆ ಬೇರೆ ಕಾರಣಕ್ಕೆ ಭೇಟಿಯಾದೆವು. ಅವಳು ಬರೆದಿದ್ದೆಲ್ಲ ಅವಳದ್ದೇ ಆಗಿತ್ತು. ಅಷ್ಟರಲ್ಲಿ ಹಣ ಹಂಚಿಯಾಗಿತ್ತು. ಆ ತಪ್ಪು ಇನ್ನೂ ಮನಸ್ಸನ್ನು ಕೊರೆಯುತ್ತದೆ. ಆಮೇಲೆ ನಾವು ಕಲಿತುಕೊಂಡ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಟ್ರಸ್ಟ್, ಕಾಲೇಜು, ಸಂಘಗಳಲ್ಲಿ ಇದೇ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು. ಅರ್ಜಿ ಹಾಕುವ ಮಕ್ಕಳು ಓದಿದರೂ ಒಳ್ಳೆಯದೇ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಡಿಟೆಕ್ಟರ್ ಯಾಕೆ ಬೇಡ

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು. ಅವರದ್ದೇ ಪರೀಕ್ಷೆಯಲ್ಲಿ ಅದು ಯಂತ್ರ ಬರೆದ ನೂರು ಬರಹಗಳಲ್ಲಿ 26ನ್ನು ಮಾತ್ರ ಹಿಡಿಯಿತು. ಮನುಷ್ಯರು ಬರೆದ ನೂರರಲ್ಲಿ 9ನ್ನು ಯಂತ್ರದ್ದು ಎಂದಿತು. ಅದೇ ವರ್ಷ ಜುಲೈನಲ್ಲಿ, ನಿಖರತೆ ಕಡಿಮೆ ಎಂದು ಹೇಳಿ ಅದನ್ನು ಅವರೇ ಹಿಂದಕ್ಕೆ ತೆಗೆದುಕೊಂಡರು. ನೂರಕ್ಕೆ ಒಂಬತ್ತು ಅಂದರೆ ನಮ್ಮ ನೂರನಲವತ್ತು ಅರ್ಜಿಗಳಲ್ಲಿ ಹನ್ನೆರಡು ಹದಿಮೂರು ಪ್ರಾಮಾಣಿಕ ಮಕ್ಕಳು ಸುಮ್ನೆ ಹೊರಗೆ ಹೋಗುತ್ತಾರೆ. ನಾವು ಕೊಡುವುದೇ ಹದಿನೈದು!

ನಮ್ಮ ಊರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಡಿಟೆಕ್ಟರ್‌ಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಬರೆದವು. ಡಿಟೆಕ್ಟರ್‌ಗಳು ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಯಂತ್ರದ್ದು ಎಂದವು. ಕಾರಣ ಸರಳ. ಮುಂದಿನ ಪದ ಯಾವುದು ಬರುತ್ತದೆ ಎಂದು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು ಡಿಟೆಕ್ಟರ್ ಅಳೆಯುತ್ತದೆ. ಊಹೆಗೆ ಸುಲಭ ಸಿಕ್ಕರೆ ಯಂತ್ರ ಅನ್ನುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಕಲಿತ ನಾಲ್ಕು ನೂರು ಪದಗಳಲ್ಲೇ ಎಚ್ಚರಿಕೆಯಿಂದ ಇಂಗ್ಲಿಷ್ ಬರೆಯುವ ಹುಡುಗನ ವಾಕ್ಯಗಳೂ ಊಹೆಗೆ ಸುಲಭ. ಅವನಿಗೆ ಬೇರೆ ಪದ ಗೊತ್ತಿಲ್ಲ, ಅಷ್ಟೇ.

ಹಾಗಂತ ನಮ್ಮ ಕಣ್ಣೇ ಡಿಟೆಕ್ಟರ್ ಆಗಬಾರದು. "ಈ ಇಂಗ್ಲಿಷ್ ಇವಳದ್ದಲ್ಲ, ನನಗೆ ಗೊತ್ತಾಗುತ್ತೆ" ಎನ್ನುವ ಮಾತು ಪ್ರತಿ ಸಮಿತಿಯಲ್ಲೂ ಕೇಳಿಬರುತ್ತದೆ. ಅದೂ ಊಹೆಯೇ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ವಾಕ್ಯವನ್ನು ಯಾರು ತಿದ್ದಿದರು ಎಂಬುದು ನಮಗೆ ಮುಖ್ಯ ಅಲ್ಲ. ಆ ವಾಕ್ಯ ಹೇಳುವ ಬದುಕು ಈ ಮಗುವಿನದ್ದೇ? ಅದರ ಬಗ್ಗೆ ಯೋಚಿಸಿದ್ದು ಈ ಮಗುವೇ? ಇದಕ್ಕೆ ಉತ್ತರ ಪುಟದೊಳಗೆ ಸಿಗುವುದಿಲ್ಲ. ಪುಟಕ್ಕೂ ಆ ಮಗುವಿಗೂ ನಡುವೆ ಇರುವ ಕೊಂಡಿಯಲ್ಲಿ ಹುಡುಕಬೇಕು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಸರಿಮಾಡಿ

ಕೆಲಸ ಶುರುವಾಗುವುದು ಅರ್ಜಿ ಫಾರಂ ಅಚ್ಚು ಹಾಕಿಸುವ ಮೊದಲೇ. "ನಿಮಗೆ ಈ ವಿದ್ಯಾರ್ಥಿವೇತನ ಯಾಕೆ ಬೇಕು?" ಎಂದು ಕೇಳಿದರೆ ಎಲ್ಲರ ಉತ್ತರವೂ ಒಂದೇ. ಬಡತನ, ಕನಸು, ದೇಶಸೇವೆ. ಅಂಥ ಪುಟವನ್ನು ಯಂತ್ರ ಬರೆದರೂ ಒಂದೇ, ಮಗು ಬರೆದರೂ ಒಂದೇ. ತಪ್ಪು ಪ್ರಶ್ನೆಯದ್ದು.

ಬ್ರಿಟನ್‌ನಲ್ಲಿ ಡಿಗ್ರಿ ಪ್ರವೇಶದ ಅರ್ಜಿಗಳು ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. ಅವರೂ 2026ರ ಪ್ರವೇಶದಿಂದ ಒಂದು ಉದ್ದ ಪ್ರಬಂಧದ ಬದಲು ಮೂರು ಬೇರೆ ಬೇರೆ ಪ್ರಶ್ನೆ ಕೇಳುವ ಪದ್ಧತಿಗೆ ಬಂದರು. ನಾವೂ ಮೂರು ಚಿಕ್ಕ ಪ್ರಶ್ನೆ ಮಾಡಿಕೊಂಡೆವು. ಒಂದು, ಕಳೆದ ಎರಡು ವರ್ಷದಲ್ಲಿ ನೀವು ಪದೇ ಪದೇ ಮಾಡಿದ ಒಂದು ಕೆಲಸ ಹೇಳಿ, ಅದು ಹೇಗೆ ನಡೆಯುತ್ತದೆ ಎಂದು ಬರೆಯಿರಿ. ಎರಡು, ಆ ಕೆಲಸದಲ್ಲಿ ಎಡವಟ್ಟಾದ ಒಂದು ದಿನವನ್ನು ಬರೆಯಿರಿ. ಮೂರು, ಓದಲು ಹೊರಟಿರುವ ಕೋರ್ಸಿನಲ್ಲಿ ನಿಮಗೆ ಈಗಲೇ ಭಯ ಇರುವ ವಿಷಯ ಯಾವುದು, ಯಾಕೆ? ಒಂದೊಂದಕ್ಕೂ ನೂರೈವತ್ತು ಪದ ಸಾಕು.

ಎರಡನೆಯ ಪ್ರಶ್ನೆ ನಮಗೆ ತುಂಬಾ ಸಹಾಯ ಮಾಡುತ್ತದೆ. ಎಡವಟ್ಟಾದ ದಿನದಲ್ಲಿ ಸಾಮಾನ್ಯವಾಗಿ ಸಣ್ಣ ಸಣ್ಣ ವಿವರಗಳು ತಾವಾಗಿಯೇ ಬರುತ್ತವೆ. ಯಾರು ಬೈದರು, ಏನು ಹಾಳಾಯಿತು, ಎಷ್ಟು ಹಣ ಹೋಯಿತು, ಹೀಗೆ. ಮುಂದೆ ಮಾತುಕತೆಯಲ್ಲಿ ಕೇಳಲು ನಮಗೆ ಅಷ್ಟು ಹಿಡಿ ಸಿಕ್ಕಂತೆ.

ಫಾರಂನಲ್ಲೇ ಇನ್ನೂ ಎರಡು ಸಾಲು ಹಾಕಿ. ಕನ್ನಡದಲ್ಲಿ ಬರೆಯಬಹುದು, ಅದಕ್ಕೆ ಒಂದು ಅಂಕವೂ ಕಡಿಮೆ ಆಗುವುದಿಲ್ಲ ಎಂದು. ಮತ್ತೆ, ಯಾರ ಸಹಾಯ ಪಡೆಯಬಹುದು ಎಂದು. ನಮ್ಮ ನಿಯಮ ಹೀಗಿದೆ: ಭಾಷೆ ತಿದ್ದಿಸಿಕೊಳ್ಳಬಹುದು, ಅನುವಾದ ಮಾಡಿಸಿಕೊಳ್ಳಬಹುದು, ಆ್ಯಪ್ ಬಳಸಿದ್ದರೂ ಪರವಾಗಿಲ್ಲ, ಆದರೆ ಘಟನೆ ಮತ್ತು ವಿಚಾರ ನಿಮ್ಮದೇ ಇರಬೇಕು. ಸಹಾಯ ಮಾಡಿದ್ದು ಯಾರು, ಎಷ್ಟು ಎಂದು ಒಂದು ಸಾಲು ಬರೆಯಲು ಜಾಗ ಬಿಡುತ್ತೇವೆ. ಈ ನಿಯಮವನ್ನು ಮೊದಲೇ ಹೇಳದೆ, ಆಮೇಲೆ "ಮೋಸ ಮಾಡಿದೆ" ಅನ್ನುವುದು ನ್ಯಾಯ ಅಲ್ಲ.

ಎರಡನೆಯ ಹೆಜ್ಜೆ: ಪೆನ್ಸಿಲ್ ಹಿಡಿದು ಓದಿ

ಒಂದು ಅರ್ಜಿಯನ್ನು ಇಬ್ಬರು ಬೇರೆ ಬೇರೆಯಾಗಿ ಓದಬೇಕು. ಓದುವಾಗ ಪರಸ್ಪರ ಮಾತಾಡಬಾರದು. ಒಬ್ಬರು "ಇದು ಡೌಟು" ಅಂದರೆ ಸಾಕು, ಇನ್ನೊಬ್ಬರ ಕಣ್ಣೂ ಅದನ್ನೇ ಹುಡುಕಲು ಶುರುಮಾಡುತ್ತದೆ.

ಓದುವಾಗ ಭಾಷೆ ಚೆನ್ನಾಗಿದೆಯೇ ಎಂದು ನೋಡಬೇಡಿ. ಹೋಗಿ ನೋಡಬಹುದಾದ, ಕೇಳಬಹುದಾದ ಮಾತುಗಳ ಕೆಳಗೆ ಗೆರೆ ಎಳೆಯಿರಿ. "ನಾನು ಶ್ರಮಜೀವಿ" ಎಂಬುದಕ್ಕೆ ಗೆರೆ ಬೇಡ. ಅದನ್ನು ಕೇಳಿ ತಿಳಿಯಲು ಆಗದು. "ಬೆಳಗ್ಗೆ ಐದಕ್ಕೆ ಹೂವಿನ ಮಾರ್ಕೆಟ್‌ಗೆ ಹೋಗಿ ಎಂಟಕ್ಕೆ ಕಾಲೇಜಿಗೆ ಬರುತ್ತಿದ್ದೆ" ಎಂಬುದಕ್ಕೆ ಗೆರೆ ಬೇಕು. ಸಮಯ ಇದೆ, ಜಾಗ ಇದೆ, ಕೆಲಸ ಇದೆ. ಒಂದು ಪುಟದಲ್ಲಿ ಇಂಥ ಐದಾರು ಗೆರೆ ಬಿದ್ದರೆ ಅದು ಮಾತಾಡಿಸಬಹುದಾದ ಪುಟ. ಒಂದೂ ಗೆರೆ ಬೀಳದಿದ್ದರೆ ಅದನ್ನು ಸುಳ್ಳು ಅನ್ನಬೇಡಿ. ಖಾಲಿ ಅನ್ನಿ. ಎರಡಕ್ಕೂ ವ್ಯತ್ಯಾಸ ಇದೆ. ಎಷ್ಟೋ ನಿಜವಾದ ಮಕ್ಕಳು, ದೊಡ್ಡವರು ಓದುತ್ತಾರೆ ಎಂದು ಹೆದರಿ, ಖಾಲಿ ಪುಟ ಬರೆಯುತ್ತಾರೆ.

ಇನ್ನೊಂದು ಮುಖ್ಯ ಕೆಲಸ ಇಲ್ಲೇ ಮಾಡಬೇಕು. ಹಳೆಯ ವರ್ಷದ ಅರ್ಜಿಗಳ ಜೊತೆ ಹೋಲಿಸಿ ನೋಡುವುದು. ಯುಕಾಸ್‌ನವರು 2007ರ ಹೊತ್ತಿಗೆ ಸುಮಾರು ಐವತ್ತು ಸಾವಿರ ಸ್ಟೇಟ್‌ಮೆಂಟ್‌ಗಳನ್ನು ಒಂದಕ್ಕೊಂದು ಹೋಲಿಸಿದಾಗ, ಚಿಕ್ಕವರಿದ್ದಾಗ ಕೆಮಿಸ್ಟ್ರಿ ಆಟದ ಸೆಟ್ಟಿನಿಂದ ಪೈಜಾಮ ಸುಟ್ಟುಕೊಂಡ ಕಥೆ 234 ಅರ್ಜಿಗಳಲ್ಲಿ ಸಿಕ್ಕಿತು! ಆಗ ಚಾಟ್‌ಜಿಪಿಟಿ ಇರಲಿಲ್ಲ. ಇಂಟರ್ನೆಟ್‌ನಲ್ಲಿ ಸಿಗುತ್ತಿದ್ದ ಮಾದರಿ ಪ್ರಬಂಧವನ್ನು ನಕಲು ಮಾಡಿದ್ದರು, ಅಷ್ಟೇ. ನಮ್ಮ ಕಡೆ ಅದೇ ಕೆಲಸವನ್ನು ಹಾಸ್ಟೆಲ್‌ನ ಪೆನ್‌ಡ್ರೈವ್, ವಾಟ್ಸಾಪ್ ಗ್ರೂಪ್, ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಮಾಡುತ್ತವೆ. ನೂರನಲವತ್ತು ಅರ್ಜಿಗೆ ದೊಡ್ಡ ಸಾಫ್ಟ್‌ವೇರ್ ಬೇಡ. ಪ್ರತಿ ಅರ್ಜಿಯ ಮುಖ್ಯ ಘಟನೆಯನ್ನು ಒಂದು ಸಾಲಿನಲ್ಲಿ ಲೆಡ್ಜರ್‌ಗೆ ಬರೆದಿಡಿ. ಎರಡು ಮೂರು ವರ್ಷದ ಸಾಲುಗಳನ್ನು ಒಟ್ಟಿಗೆ ಓದಿದರೆ ಒಂದೇ ಕಥೆ ಎರಡು ಸಲ ಬಂದಿದ್ದು ಕಣ್ಣಿಗೆ ಬೀಳುತ್ತದೆ.

ಮೂರನೆಯ ಹೆಜ್ಜೆ: ಬೇರೆ ಕಾಗದಗಳ ಪಕ್ಕ ಇಡಿ

ಇದು ಬೇಗ ಮುಗಿಯುವ ಕೆಲಸ. ವಿಳಾಸ, ವರ್ಷ, ಕೋರ್ಸು, ಅಪ್ಪ ಅಮ್ಮನ ಉದ್ಯೋಗ ಇವು ಪುಟದ ಜೊತೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಪ್ರಶ್ನೆ ಬರೆದುಕೊಳ್ಳಿ, ತೀರ್ಪು ಬರೆಯಬೇಡಿ. ಆದಾಯ ಪ್ರಮಾಣಪತ್ರದಲ್ಲಿ "ಕೂಲಿ" ಅಂತ ಇರುತ್ತದೆ, ಪುಟದಲ್ಲಿ "ನಮ್ಮ ಹೊಲ" ಅಂತ ಇರುತ್ತದೆ. ಒಂದೆಕರೆ ಇಟ್ಟುಕೊಂಡು ಬೇರೆಯವರಲ್ಲಿ ಕೂಲಿಗೆ ಹೋಗುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇಲ್ಲ?

ಮೇಷ್ಟ್ರ ಶಿಫಾರಸು ಪತ್ರ ಸಾಮಾನ್ಯವಾಗಿ ಅಚ್ಚಿನದ್ದು. ಹೆಸರು ಮಾತ್ರ ಬದಲಾಗಿರುತ್ತದೆ. ಅದನ್ನು ಓದುವ ಬದಲು ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಈ ಮಗು ನಿಮ್ಮನ್ನು ಕೊನೆಯ ಸಲ ಏನು ಕೇಳಿತು?" ಮಗುವನ್ನು ಬಲ್ಲ ಮೇಷ್ಟ್ರಿಗೆ ಏನಾದರೂ ಒಂದು ನೆನಪಾಗುತ್ತದೆ. ನೆನಪಾಗದಿದ್ದರೂ ಮಗುವಿನ ತಪ್ಪಲ್ಲ. ಎಂಬತ್ತು ಜನರ ಕ್ಲಾಸಿನಲ್ಲಿ ಹಿಂದೆ ಕೂತವರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಹನ್ನೆರಡು ನಿಮಿಷದ ಮಾತುಕತೆ

ನಿಜವಾದ ಕೆಲಸ ಇಲ್ಲಿದೆ. ನೂರನಲವತ್ತು ಜನರನ್ನೂ ಕರೆಯಲು ಆಗುವುದಿಲ್ಲ. ಓದಿ ಆರಿಸಿದ ನಲವತ್ತು ಜನರನ್ನು ಕರೆಯುತ್ತೇವೆ. ಆ ನಲವತ್ತು ಜನಕ್ಕೂ ಒಂದೇ ಅವಧಿ, ಒಂದೇ ಥರದ ಪ್ರಶ್ನೆ. ಅನುಮಾನ ಇರುವವರನ್ನು ಮಾತ್ರ ಕರೆದರೆ ಅದು ಪೊಲೀಸ್ ವಿಚಾರಣೆ ಆಗಿಬಿಡುತ್ತದೆ. ಮಕ್ಕಳಿಗೂ ಅದು ಗೊತ್ತಾಗುತ್ತದೆ.

ಒಬ್ಬರು ಕೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಮಗುವಿಗೆ ಬೇಕಾದ ಭಾಷೆಯಲ್ಲಿ ಮಾತಾಡಬೇಕು. ಇಂಗ್ಲಿಷ್‌ನಲ್ಲಿ ಬರೆದವಳು ಕನ್ನಡದಲ್ಲಿ ಮಾತಾಡಿದರೆ ಏನೂ ತಪ್ಪಿಲ್ಲ. ನಾವು ಪರೀಕ್ಷೆ ಮಾಡುತ್ತಿರುವುದು ಇಂಗ್ಲಿಷನ್ನಲ್ಲ.

ಮೊದಲು ಅವಳು ಬರೆದ ಘಟನೆಯನ್ನೇ ಹೇಳಲು ಬಿಡಿ. ಇದಕ್ಕೆ ಎಲ್ಲರೂ ತಯಾರಾಗಿ ಬಂದಿರುತ್ತಾರೆ. ಬೇರೆಯವರ ಕಥೆ ತಂದವನೂ ಇದನ್ನು ಚೆನ್ನಾಗಿ ಹೇಳುತ್ತಾನೆ. ಹಾಗಾಗಿ ಇದಕ್ಕೆ ಅಂಕ ಕೊಡಬೇಡಿ. ಇದು ಮೈಚಳಿ ಬಿಡಲು ಮಾತ್ರ.

ಆಮೇಲೆ ಘಟನೆಯ ಪಕ್ಕದಲ್ಲಿರುವುದನ್ನು ಕೇಳಿ. ಪುಟದಲ್ಲಿ ಬರೆಯದೇ ಇರುವುದನ್ನು. ಅದು ನಡೆದಾಗ ಪಕ್ಕದಲ್ಲಿ ಯಾರಿದ್ದರು? ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ? ಮಾರನೇ ದಿನ ಏನಾಯಿತು? ಆ ಜಾಗದ ಒಂದು ಚಿತ್ರ ಬರೆದು ತೋರಿಸಿ ನೋಡೋಣ, ಬಾಗಿಲು ಎಲ್ಲಿ, ನೀವು ಎಲ್ಲಿ ನಿಂತಿದ್ದಿರಿ? ಸುಳ್ಳು ಪತ್ತೆಯ ಸಂಶೋಧಕರು ಇದನ್ನು ನಿರೀಕ್ಷೆ ಇಲ್ಲದ ಪ್ರಶ್ನೆ ಎನ್ನುತ್ತಾರೆ. ಇದ್ದವರಿಗೆ ಚಿತ್ರ ಬರೆಯುವುದು ಕಷ್ಟವಲ್ಲ, ಯಾಕೆಂದರೆ ಜಾಗ ಕಣ್ಣ ಮುಂದೆ ಇದೆ. ಇರದವರು ಅಲ್ಲೇ ಕೂತು ಜಾಗವನ್ನು ಕಟ್ಟಬೇಕಾಗುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟವಾದ ಪ್ರಶ್ನೆ: "ಜಾಗ ಸಾಲದೆ ಬಿಟ್ಟಿದ್ದು ಏನು?" ಬದುಕಿದವರ ಹತ್ತಿರ ಬರೆದದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ ಇರುತ್ತದೆ. ಎರವಲು ತಂದವರ ಹತ್ತಿರ ಪುಟ ಮುಗಿದರೆ ಕಥೆಯೂ ಮುಗಿಯಿತು.

ಕೊನೆಗೆ, "ಬರೆಯಲು ಯಾರು ಸಹಾಯ ಮಾಡಿದರು?" ಎಂದು ಎಲ್ಲರನ್ನೂ ಕೇಳಿ. ನಗುಮುಖದಿಂದ ಕೇಳಿ. ನಿಯಮ ಮೊದಲೇ ಗೊತ್ತಿದ್ದರೆ ಮಕ್ಕಳು ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಕಣ್ಣು ತಗ್ಗಿಸಿದ, ಬೆವರಿದ, ತಡವರಿಸಿದ ಎಂಬುದನ್ನು ಬರೆದುಕೊಳ್ಳಲೇಬೇಡಿ. ಮುಖ, ಮಾತಿನ ಧಾಟಿ ನೋಡಿ ಸುಳ್ಳು ಹಿಡಿಯುವ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು 2006ರಲ್ಲಿ ಒಟ್ಟುಹಾಕಿ ನೋಡಿದಾಗ, ಜನರ ಅಂದಾಜು ಸರಿಯಾಗಿದ್ದು ನೂರಕ್ಕೆ 54 ಸಲ ಮಾತ್ರ. ನಾಣ್ಯ ಚಿಮ್ಮಿದರೂ 50 ಸರಿ ಬರುತ್ತದೆ. ಜಗಳೂರಿನಿಂದ ಮೊದಲ ಸಲ ಇಂಥ ಕೋಣೆಗೆ ಬಂದ ಹುಡುಗಿ ನಾಲ್ಕು ದೊಡ್ಡವರ ಮುಂದೆ ಕಣ್ಣು ತಗ್ಗಿಸದೆ ಇನ್ನೇನು ಮಾಡಿಯಾಳು?

ಎರಡು ಅರ್ಜಿ, ಒಂದೇ ದಿನ

ಕಳೆದ ಸಲದ ಎರಡು ಅರ್ಜಿ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲನೆಯದು ಬಿ.ಕಾಂ.ಗೆ ಹೊರಟ ಹುಡುಗಿಯದ್ದು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಪುಟದ ಇಂಗ್ಲಿಷ್ ಎಷ್ಟು ನಯವಾಗಿತ್ತು ಅಂದರೆ ನಮ್ಮಲ್ಲಿ ಒಬ್ಬರು ಓದಿದ ತಕ್ಷಣ ಪಕ್ಕಕ್ಕೆ ಇಟ್ಟಿದ್ದರು. "ಪಿಯುಸಿ ಇಂಗ್ಲಿಷ್‌ನಲ್ಲಿ ಐವತ್ತೆಂಟು ಅಂಕ, ಇದನ್ನು ಬರೆಯಲು ಸಾಧ್ಯವೇ ಇಲ್ಲ" ಎಂಬುದು ಅವರ ಮಾತು. ಆದರೆ ಪೆನ್ಸಿಲ್ ಗೆರೆ ಎಣಿಸಿದರೆ ಏಳು ಇದ್ದವು. ಮಳೆಗಾಲದಲ್ಲಿ ಅಪ್ಪನ ಲೆಕ್ಕ ತಪ್ಪುತ್ತಿತ್ತು, ತಾನು ನೋಟ್‌ಬುಕ್ ಇಟ್ಟು ಸರಿಮಾಡಿದೆ ಎಂದು ಬರೆದಿದ್ದಳು.

ಮಾತುಕತೆಗೆ ಬಂದಾಗ ತಾಯಿ ಹೊರಗೆ ಕೂತಿದ್ದರು. ಹುಡುಗಿಯ ಧ್ವನಿ ಕೇಳಿಸುತ್ತಲೇ ಇರಲಿಲ್ಲ. ಘಟನೆ ಹೇಳು ಅಂದರೆ ಎರಡು ವಾಕ್ಯದಲ್ಲಿ ಮುಗಿಸಿದಳು. ನಮ್ಮ ಸಮಿತಿಯ ಮೇಡಂ ಪಕ್ಕದ ಪ್ರಶ್ನೆಗೆ ಬಂದರು. "ಮಳೆಗಾಲದಲ್ಲೇ ಯಾಕಮ್ಮ ಲೆಕ್ಕ ತಪ್ಪೋದು?"

"ಮಳಿಗಾಲದಾಗ ಅಕ್ಕಿ ಸರಿಯಾಗಿ ಒಣಗಂಗಿಲ್ರಿ ಮೇಡಂ. ಹಸಿ ಅಕ್ಕಿ ಮರಳಿಗೆ ಹಾಕಿದ್ರೆ ಅರಳಂಗಿಲ್ಲ. ಚೀಲ ಕಮ್ಮಿ ಬರ್ತಾವು. ಕೂಲಿ ಚೀಲದ ಲೆಕ್ಕದಾಗ ಕೊಡ್ತಾರ್ರಿ."

ಇದು ಪುಟದಲ್ಲಿ ಎಲ್ಲೂ ಇರಲಿಲ್ಲ. ಮಂಡಕ್ಕಿ ಮಾಡುವುದು ಹೇಗೆಂದು ಗೊತ್ತಿರುವವರಿಗೆ ಇದು ತಿಳಿಯುತ್ತದೆ. ಭತ್ತವನ್ನು ನೆನೆಸಿ, ಬಿಸಿ ಮಾಡಿ, ಒಣಗಿಸಿ, ಹೊಟ್ಟು ಬಿಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಚ್ಚಿ, ಚೆನ್ನಾಗಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಅಕ್ಕಿಯ ತೇವ ಹದದಲ್ಲಿ ಇದ್ದರೆ ಮಾತ್ರ ಅರಳುತ್ತದೆ. ಮೇಡಂ ಕಾಗದ ಕೊಟ್ಟು, ನೋಟ್‌ಬುಕ್ಕಿನ ಒಂದು ಪುಟ ಹೇಗಿತ್ತು ಬರೆದು ತೋರಿಸು ಅಂದರು. ಅವಳು ಸ್ಕೇಲಿಲ್ಲದೆ ಐದು ಗೆರೆ ಎಳೆದಳು. ತಾರೀಖು, ಅಕ್ಕಿ, ಮಂಡಕ್ಕಿ ಚೀಲ, ಅಡ್ವಾನ್ಸು, ಬಾಕಿ. ಐದನೆಯ ಗೆರೆ ಎಳೆದು ನಿಂತು, "ಮೊದಲು ನಾಕೇ ಇದ್ವು. ಅಡ್ವಾನ್ಸು ಬ್ಯಾರೆ ಬರೀಲಿಲ್ಲ ಅಂತ್ಲೇ ತಪ್ಪಿದ್ದು" ಎಂದಳು. ಸಾಹುಕಾರರು ಮೊದಲೇ ಕೊಟ್ಟ ಹಣವನ್ನು ವಾರವಾರ ಹಿಡಿದುಕೊಳ್ಳುತ್ತಿದ್ದರು. ಅಪ್ಪ ಅದನ್ನು ಕೂಲಿಯ ಜೊತೆ ಸೇರಿಸಿ ಎಣಿಸುತ್ತಿದ್ದರು. ತಪ್ಪು ಅಲ್ಲಿತ್ತು.

ಸಹಾಯ ಯಾರದ್ದು ಎಂದು ಕೇಳಿದೆವು. ತಾನು ಕನ್ನಡದಲ್ಲಿ ಬರೆದೆ, ಬೆಂಗಳೂರಿನಲ್ಲಿ ಕೆಲಸ ಮಾಡುವ ಅತ್ತೆಯ ಮಗ ಫೋನಿನ ಆ್ಯಪ್‌ನಲ್ಲಿ ಇಂಗ್ಲಿಷ್ ಮಾಡಿ ತಿದ್ದಿದ ಎಂದಳು. ಫಾರಂನಲ್ಲೂ ಹಾಗೇ ಬರೆದಿದ್ದಳು. ನಾವೇ ಆ ಸಾಲನ್ನು ನೋಡಿರಲಿಲ್ಲ. ಯಾವ ಡಿಟೆಕ್ಟರ್‌ಗೆ ಹಾಕಿದ್ದರೂ ಆ ಪುಟ ಯಂತ್ರದ್ದೇ ಎಂದು ಬರುತ್ತಿತ್ತೇನೋ. ಒಂದರ್ಥದಲ್ಲಿ ಅದು ತಪ್ಪೂ ಅಲ್ಲ. ಆದರೆ ಬದುಕು ಅವಳದ್ದು, ಯೋಚನೆ ಅವಳದ್ದು.

ಎರಡನೆಯದು ಒಬ್ಬ ಹುಡುಗನದ್ದು. ಇಂಗ್ಲಿಷ್ ಒರಟು, ಕಾಗುಣಿತದ ತಪ್ಪು ಬೇಕಾದಷ್ಟು. "ಇದು ನೋಡಿ ನಿಜವಾದ ಪುಟ" ಎಂದು ನಾನೇ ಹೇಳಿದ್ದೆ. ಎಪಿಎಂಸಿ ಯಾರ್ಡಿನಲ್ಲಿ ಒಣಹಾಕಿದ್ದ ಅಪ್ಪನ ಮೆಕ್ಕೆಜೋಳ ಮಳೆಗೆ ನೆಂದು, ಬೆಲೆ ಇಳಿಸಿದಾಗ ತಾನು ಸುತ್ತಲಿನ ರೈತರನ್ನು ಸೇರಿಸಿ ಮಾತಾಡಿದೆ ಎಂಬ ಕಥೆ. ಮನಸ್ಸಿಗೆ ನಾಟುವಂತಿತ್ತು.

ಕಥೆ ಏಪ್ರಿಲ್‌ನಲ್ಲಿ ನಡೆದಿತ್ತು. ನಮ್ಮ ಕಡೆ ಮುಂಗಾರಿನ ಮೆಕ್ಕೆಜೋಳ ಮಾರ್ಕೆಟ್‌ಗೆ ಬರುವುದು ದಸರಾ ದೀಪಾವಳಿ ಹೊತ್ತಿಗೆ. ಆದರೆ ನೀರಾವರಿ ಇದ್ದವರು ಬೇಸಿಗೆಯಲ್ಲೂ ಬೆಳೆಯುತ್ತಾರೆ. ಹಾಗಾಗಿ ಅದು ತಪ್ಪು ಅಂತ ಹೇಳಲಾಗದು. ಪ್ರಶ್ನೆ ಮಾತ್ರ ಬರೆದುಕೊಂಡೆವು. ಮಾತಿಗೆ ಕೂತಾಗ ಕಥೆಯನ್ನು ಪುಟದ ಕ್ರಮದಲ್ಲೇ, ಒಂದು ಪದ ಆಚೀಚೆ ಆಗದಂತೆ ಹೇಳಿದ. ನಿಮ್ಮ ಹೊಲಕ್ಕೆ ನೀರು ಎಲ್ಲಿಂದ ಎಂದು ಕೇಳಿದೆ. ಬೋರು ಅಂದ, ಆಮೇಲೆ ಚಾನಲ್ಲು ಅಂದ. ಬೆಲೆ ಇಳಿಸುವ ಮುಂಚೆ ಖರೀದಿದಾರರು ಕಾಳನ್ನು ಏನು ಮಾಡಿ ನೋಡಿದರು ಎಂದೆ. ಸುಮ್ಮನಾದ. ಮೆಕ್ಕೆಜೋಳದ ರೈತರ ಮನೆಯಲ್ಲಿ ತೇವಾಂಶದ ಮಾತು ಬರದ ಸುಗ್ಗಿಯೇ ಇಲ್ಲ. ಸರ್ಕಾರದ ಬೆಂಬಲ ಬೆಲೆಗೆ ತೇವ ನೂರಕ್ಕೆ 14ರ ಒಳಗೆ ಇರಬೇಕು ಎಂಬುದು ಸಣ್ಣ ಮಕ್ಕಳ ಬಾಯಲ್ಲೂ ಇರುತ್ತದೆ. ಆದರೂ ಒಂದು ಉತ್ತರ ಬರಲಿಲ್ಲ ಎಂದು ನಾವು ತೀರ್ಮಾನ ಮಾಡಲಿಲ್ಲ. ಚಿತ್ರ ಬರೆಯಲು ಕೊಟ್ಟೆವು. ಒಂದು ಚೌಕ ಬರೆದು ಪೆನ್ನು ಕೆಳಗಿಟ್ಟ. ಬಿಟ್ಟಿದ್ದು ಏನಪ್ಪಾ ಎಂದು ಕೇಳಿದಾಗ, "ಏನಿಲ್ಲ ಸರ್, ಎಲ್ಲ ಬರ್ದೀನಿ" ಅಂದ.

ಅಷ್ಟರಲ್ಲಿ ಮೇಡಂ ಲೆಡ್ಜರ್ ತೆರೆದಿದ್ದರು. ಎರಡು ವರ್ಷದ ಹಿಂದೆ ಇದೇ ಕಥೆ, ಇದೇ ಏಪ್ರಿಲ್, ಬೇರೆ ಹೆಸರು. ಅದೇ ಹಾಸ್ಟೆಲ್ ವಿಳಾಸ. ನಾವು ಗದರಲಿಲ್ಲ. ಎರಡೂ ಸಾಲನ್ನು ಅವನ ಮುಂದಿಟ್ಟು, ಹೇಳುವುದಿದ್ದರೆ ಹೇಳಪ್ಪ ಎಂದೆವು. ರೂಮಿನ ಸೀನಿಯರ್ ಕೊಟ್ಟಿದ್ದು, ಅದಕ್ಕೆ ಹಣ ಸಿಕ್ಕಿತ್ತು, ಹಾಗಾಗಿ ಅದನ್ನೇ ಬರೆದೆ ಎಂದ. ತನ್ನದೇನು ಬರೆಯುವುದು, ತನ್ನ ಜೀವನದಲ್ಲಿ ಅಂಥದ್ದೇನೂ ನಡೆದಿಲ್ಲ ಎಂದ.

ಸಂಜೆ ಏನು ಮಾಡುತ್ತೀಯ ಎಂದು ಕೇಳಿದರೆ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಗಂಟೆ ಕೆಲಸ. ಟೋನರ್ ಖಾಲಿಯಾಗುತ್ತಿದೆ ಎಂದು ಪುಟದ ಬಣ್ಣ ನೋಡಿ ಹೇಗೆ ತಿಳಿಯುವುದು, ಪರೀಕ್ಷೆ ದಿನ ಹಾಲ್ ಟಿಕೆಟ್ ಸಾಲು ಹೇಗಿರುತ್ತದೆ ಎಂದು ಹತ್ತು ನಿಮಿಷ ನಿಲ್ಲದೆ ಹೇಳಿದ. ಅದೇ ಅವನ ಪುಟ ಆಗಬೇಕಿತ್ತು. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಐದನೆಯ ಹೆಜ್ಜೆ: ಬರೆದಿಟ್ಟು ತೀರ್ಮಾನ ಮಾಡಿ

ಪ್ರತಿ ಅರ್ಜಿಗೆ ಅರ್ಧ ಹಾಳೆ ಸಾಕು. ಪುಟದಲ್ಲಿ ಇದ್ದದ್ದು, ಮಾತಿನಲ್ಲಿ ಬಂದದ್ದು, ಬೇರೆ ಕಾಗದದಲ್ಲಿ ಇದ್ದದ್ದು ಎಂದು ಮೂರು ಭಾಗ ಮಾಡಿ. "ಅನಿಸುತ್ತದೆ" ಎಂಬ ಪದ ಅಲ್ಲಿ ಬರಬಾರದು. ಒಬ್ಬರ ಪುಟವನ್ನು ಅವರದ್ದಲ್ಲ ಎಂದು ಬರೆಯಲು ನಾವು ಎರಡು ಬೇರೆ ಬೇರೆ ಮೂಲದ ಆಧಾರ ಕೇಳುತ್ತೇವೆ. ಆ ಹುಡುಗನ ವಿಷಯದಲ್ಲಿ ಒಂದು ಮಾತುಕತೆ, ಇನ್ನೊಂದು ಲೆಡ್ಜರ್. ಲೆಡ್ಜರ್ ಇಲ್ಲದೇ ಹೋಗಿದ್ದರೆ ನಾವು ಅವನಿಗೆ ಕಡಿಮೆ ಅಂಕ ಕೊಡಬಹುದಿತ್ತು, ಮೋಸ ಎಂದು ಬರೆಯಲು ಆಗುತ್ತಿರಲಿಲ್ಲ. ಬರೆಯುವ ಮುಂಚೆ ಅವರ ಮಾತು ಕೇಳಿರಬೇಕು, ಅದನ್ನೂ ಹಾಳೆಯಲ್ಲಿ ಸೇರಿಸಿರಬೇಕು.

ಅವನಿಗೆ ಆ ವರ್ಷ ಹಣ ಕೊಡಲಿಲ್ಲ. ಪುಟದ ಅಂಕ ಸೊನ್ನೆಯಾದ ಮೇಲೆ ಉಳಿದ ಅಂಕ ಸಾಲಲಿಲ್ಲ. ಕಾರಣವನ್ನು ಅವನಿಗೇ ಹೇಳಿದೆವು, ಕಾಲೇಜಿಗೆ ಹೇಳಲಿಲ್ಲ. ಮುಂದಿನ ವರ್ಷ ಅರ್ಜಿ ಹಾಕಲು ಅಡ್ಡಿ ಇಲ್ಲ ಎಂದೂ ಹೇಳಿದೆವು. ಮೇಡಂಗೆ ಇದು ಒಪ್ಪಿಗೆ ಇರಲಿಲ್ಲ. ಅಲ್ಲೇ ಕೂರಿಸಿ ಜೆರಾಕ್ಸ್ ಅಂಗಡಿಯ ಕಥೆ ಬರೆಸಿ ಅದಕ್ಕೆ ಅಂಕ ಕೊಡಬೇಕಿತ್ತು ಎಂಬುದು ಅವರ ವಾದ. ಹಾಗೆ ಮಾಡಿದರೆ ಮೊದಲೇ ತಮ್ಮದನ್ನು ಬರೆದ ಮಕ್ಕಳಿಗೆ ಅನ್ಯಾಯ ಅಲ್ವಾ ಎಂಬುದು ನನ್ನ ಮಾತು. ಈ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಈ ವಿಧಾನ ಎಲ್ಲಿ ಸೋಲುತ್ತದೆ

ಮಾತು ಬಲ್ಲವರಿಗೆ ಮಾತುಕತೆ ಅನುಕೂಲ. ತೊದಲುವ, ಕಿವಿ ಕೇಳದ, ತೀರಾ ನಾಚಿಕೆಯ ಮಕ್ಕಳಿಗೆ ಅದೇ ಪ್ರಶ್ನೆಗಳನ್ನು ಕಾಗದದಲ್ಲಿ ಕೊಟ್ಟು ಇಪ್ಪತ್ತು ನಿಮಿಷ ಬಿಡುತ್ತೇವೆ. ಸಾವು, ಮನೆಯ ಹೊಡೆದಾಟ, ಕಾಯಿಲೆ ಇಂಥವನ್ನು ಬರೆದವರಿಗೆ ಆ ಘಟನೆಯ ಪಕ್ಕದ ಪ್ರಶ್ನೆ ಕೇಳುವುದೇ ಇಲ್ಲ. ನೋವನ್ನು ಕೆದಕಿ ಪುರಾವೆ ತೆಗೆಯಬಾರದು. ಪುಟದ ಬೇರೆ ಭಾಗ ಹಿಡಿದು ಮಾತಾಡುತ್ತೇವೆ. ನೆನಪು ತಪ್ಪುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಿಂಗಳು ತಪ್ಪಾಗಿ ಹೇಳಿದರೆ ಏನೂ ಆಗಲಿಲ್ಲ. ನಿಜವಾಗಿ ಅಲ್ಲಿದ್ದವರೂ ತಿಂಗಳನ್ನು ಮರೆಯುತ್ತಾರೆ, ಆದರೆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಮರೆಯುವುದಿಲ್ಲ.

ಸಾವಿರಾರು ಅರ್ಜಿ ಬರುವ ಕಡೆ ಎಲ್ಲರನ್ನೂ ಮಾತಾಡಿಸಲು ಆಗುವುದಿಲ್ಲ. ಅವರು ಬೇರೆ ದಾರಿ ಹಿಡಿದಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಪ್ರವೇಶದ ಅರ್ಜಿಯ ಜೊತೆ, ಶಾಲೆಯಲ್ಲಿ ಮೇಷ್ಟ್ರು ತಿದ್ದಿ ಅಂಕ ಕೊಟ್ಟ ಒಂದು ಬರಹವನ್ನೂ ಕೇಳುತ್ತದೆ. ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಬಂಧಕ್ಕೆ ಅಂಕ ಕೊಡುವುದನ್ನೇ ನಿಲ್ಲಿಸಿತು. ಓದುವುದನ್ನು ನಿಲ್ಲಿಸಲಿಲ್ಲ. ಪ್ರಬಂಧ ವಿದ್ಯಾರ್ಥಿಯ ಬರೆಯುವ ಶಕ್ತಿಯನ್ನು ತೋರಿಸುತ್ತದೆ ಎಂದು ಇನ್ನು ನಂಬುವಂತಿಲ್ಲ ಎಂಬುದು ಅವರ ನಿಲುವು. ನಮ್ಮ ಕಡೆಯ ದೊಡ್ಡ ಸಂಸ್ಥೆಗಳು ಕೊನೆಯ ಸುತ್ತಿಗೆ ಬಂದವರನ್ನಾದರೂ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿಸಬಹುದು. ಚಿತ್ರ ಬರೆಸಲು ಆಗದಿದ್ದರೂ "ಬಿಟ್ಟಿದ್ದು ಏನು?" ಎಂದು ಕೇಳಲು ಫೋನ್ ಸಾಕು.

ಈ ಸಲದ ಫಾರಂನಲ್ಲಿ ಮೊದಲ ಪ್ರಶ್ನೆಯ ಕೆಳಗೆ ಒಂದು ಸಾಲು ಹೊಸದಾಗಿ ಸೇರಿಸಿದ್ದೇವೆ: "ಅಂಗಡಿ, ಮನೆ, ಹೊಲ, ದನ, ತಮ್ಮನನ್ನು ನೋಡಿಕೊಳ್ಳುವುದು, ಯಾವುದಾದರೂ ಆಗಬಹುದು." ಅದನ್ನು ಸೇರಿಸಿದ್ದು ಜೆರಾಕ್ಸ್ ಅಂಗಡಿಯ ಹುಡುಗನನ್ನು ನೆನೆದು. ಅರ್ಜಿಗಳು ಮುಂದಿನ ವಾರದಿಂದ ಬರುತ್ತವೆ.